ಆಯಿಲ್ ಹಾಕುವ ಮುಂಚೆ ಮುಚ್ಚಳ ಒರೆಸಿ

ಗದ್ದೆಗೆ ಟ್ರ್ಯಾಕ್ಟರ್ ಇಳಿಸುವ ಮೊದಲು ಟೈರು ನೋಡುತ್ತೀರಿ, ಡೀಸೆಲ್ ನೋಡುತ್ತೀರಿ, ಇಂಜಿನ್ ಆಯಿಲ್ ಕೂಡ ಎಳೆದು ನೋಡುತ್ತೀರಿ. ಸೀಟಿನ ಕೆಳಗಿರುವ ಹೈಡ್ರಾಲಿಕ್ ಆಯಿಲ್ ಮಾತ್ರ ಲಿಫ್ಟ್ ಏಳದೆ ನಿಂತಾಗಲೇ ನೆನಪಾಗುವುದು. ಅಷ್ಟು ಹೊತ್ತಿಗೆ ಪಂಪು ಸವೆದು ಹೋಗಿರುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ.

ನೀವು ಡಿಪ್‌ಸ್ಟಿಕ್ ಎತ್ತಿ, ಎರಡು ಬೆರಳ ನಡುವೆ ಆಯಿಲ್ ಉಜ್ಜಿ, ‘ಕಸ ಏನಿಲ್ಲ, ಚೆನ್ನಾಗೇ ಇದೆ’ ಅನ್ನುತ್ತೀರಿ. ಆ ಮಾತನ್ನು ನಂಬಬೇಡಿ. ನಮ್ಮ ಕಣ್ಣಿಗೆ ಕಾಣುವ ಧೂಳಿನ ಕಣ ಸುಮಾರು 40 ಮೈಕ್ರಾನ್ ಇರಬೇಕು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಆದರೆ ಪಂಪಿನ ಗೇರು ಮತ್ತು ಅದರ ಪಕ್ಕದ ಬಿಲ್ಲೆಯ ನಡುವೆ, ವಾಲ್ವಿನ ಸ್ಪೂಲು ಮತ್ತು ಅದು ಓಡಾಡುವ ತೂತಿನ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಸಂದಿಗಿಂತ ದೊಡ್ಡ ಕಣ ಸುಲಭವಾಗಿ ಒಳಗೆ ಹೋಗದು. ತೀರಾ ಸಣ್ಣದು ಆಯಿಲಿನ ಜೊತೆ ಹರಿದು ಹೋಗುತ್ತದೆ. ಸಂದಿಗೆ ಸರಿಸಮವಾದ ಕಣವೇ ಎರಡು ಕಡೆಯ ಲೋಹವನ್ನೂ ಕೆರೆಯುವುದು. ಕೆರೆದಾಗ ಉದುರಿದ ಉಕ್ಕಿನ ಪುಡಿ ಇನ್ನಷ್ಟು ಗಟ್ಟಿ. ಅದು ಮುಂದಿನ ಸುತ್ತಿನಲ್ಲಿ ಇನ್ನೊಂದಿಷ್ಟು ಲೋಹ ಕೆರೆದು ತರುತ್ತದೆ. ಸಂದು ಅಗಲವಾದಂತೆ ಆಯಿಲ್ ಒಳಗೊಳಗೇ ಹಿಂದಕ್ಕೆ ಸೋರುತ್ತದೆ. ಸೋರಿದ ಆಯಿಲ್ ಬಿಸಿಯಾಗುತ್ತದೆ, ಬಿಸಿಯಾದದ್ದು ತೆಳ್ಳಗಾಗುತ್ತದೆ, ತೆಳ್ಳಗಾದದ್ದು ಇನ್ನೂ ಹೆಚ್ಚು ಸೋರುತ್ತದೆ. ಬೆಳಿಗ್ಗೆ ಸರಿಯಾಗಿ ಏಳುವ ಲಿಫ್ಟ್ ಮಧ್ಯಾಹ್ನ ಎಳೆದಾಡುವುದು ಇದರಿಂದಲೇ. ಆಗ ರೇಸ್ ಕೊಟ್ಟು ಕೆಲಸ ಸಾಗಿಸಬೇಡಿ, ನಿಲ್ಲಿಸಿ ನೋಡಿ.

ಇನ್ನು ನೀರು. ಸಾಧಾರಣ ಹೈಡ್ರಾಲಿಕ್ ಆಯಿಲ್ ತನ್ನಲ್ಲಿ ಕರಗಿಸಿಕೊಳ್ಳುವ ನೀರು ಬಹಳ ಕಡಿಮೆ. 40 ಲೀಟರಿಗೆ ಎರಡು ಟೀ ಚಮಚ ಬಿದ್ದರೆ ಹೆಚ್ಚುಕಡಿಮೆ ಅದರ ಮಿತಿ ಮುಗಿಯಿತು. ಅದರ ಮೇಲೆ ಸೇರಿದ್ದು ತಳಕ್ಕೆ ಇಳಿಯುತ್ತದೆ, ಇಲ್ಲವೇ ಆಯಿಲಿನಲ್ಲಿ ಒಡೆದು ಬೆರೆತು ಹಾಲಿನ ಬಣ್ಣ ತರುತ್ತದೆ. ಒತ್ತಡ ಬಿದ್ದಾಗ ಲೋಹವನ್ನು ದೂರ ಇಡಬೇಕಾದ ಆಯಿಲಿನ ಪದರ ನೀರಿದ್ದ ಕಡೆ ಕಿತ್ತುಹೋಗುತ್ತದೆ, ಲೋಹಕ್ಕೆ ಲೋಹ ತಾಗುತ್ತದೆ. ಪಂಪಿನ ಎಳೆತದ ಬದಿಯಲ್ಲಿ ಬಿಸಿ ನೀರು ಆವಿಯ ಗುಳ್ಳೆಯಾಗಿ, ಒತ್ತಡದ ಬದಿಗೆ ಬಂದಾಗ ತಟ್ಟನೆ ಒಳಕ್ಕೆ ಕುಸಿದು ಲೋಹವನ್ನು ಚುಚ್ಚುತ್ತದೆ. ಯಂತ್ರ ನಿಂತಾಗ ಸ್ಪೂಲಿನ ಮೇಲೆ ತುಕ್ಕು ಕೂರುತ್ತದೆ. ಆ ತುಕ್ಕು ಉದುರಿದರೆ ಮತ್ತೆ ಕಣವೇ.

ಈ ನೀರು ಬರುವುದೆಲ್ಲಿಂದ? ಅರ್ಧ ತಪ್ಪು ಕೆಸರಿನದು, ಅರ್ಧ ನಿಮ್ಮದು. ಕೇಜ್‌ವೀಲ್ ಕಟ್ಟಿ ದಿನವಿಡೀ ಕೆಸರು ಹೊಡೆದು, ಗಾಡಿ ಇನ್ನೂ ಸುಡುತ್ತಿರುವಾಗಲೇ ಕಾಲುವೆ ನೀರು ಹೊಯ್ದು ತೊಳೆಯುತ್ತೀರಿ. ಬಿಸಿ ಪೆಟ್ಟಿಗೆ ತಟ್ಟನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಬ್ರೀದರಿನ ಮೇಲೆ, ಸೀಲಿನ ಅಂಚಿನಲ್ಲಿ ನಿಂತ ನೀರು ಹಾಗೆ ಒಳಗೆ ಹೋಗುತ್ತದೆ. ಗಾಡಿ ಆರಿದ ಮೇಲೆ ತೊಳೆಯಿರಿ. ಪ್ರೆಷರ್ ನೀರನ್ನು ಬ್ರೀದರ್, ಡಿಪ್‌ಸ್ಟಿಕ್, ಗೇರ್ ಲಿವರಿನ ರಬ್ಬರ್ ಕಡೆಗೆ ನೇರವಾಗಿ ಹಿಡಿಯಲೇಬೇಡಿ.

ಗಂಗಾವತಿ ಕಡೆ ನಮಗೆ ಪರಿಚಯದವರೊಬ್ಬರ ಟ್ರ್ಯಾಕ್ಟರಿಗೆ ಆದದ್ದನ್ನು ಕೇಳಿ. ನಾಟಿ ಸಮಯದಲ್ಲಿ ಲಿಫ್ಟ್ ಮೇಲೆ ಹೋಗಿ ನಡುಗತೊಡಗಿತು. ಆಯಿಲ್ ಕಡಿಮೆಯಾಗಿರಬೇಕು ಎಂದು, ಕೊಟ್ಟಿಗೆಯಲ್ಲಿ ಬಾಯಿ ತೆರೆದಿದ್ದ ಕ್ಯಾನಿನಿಂದ ಸುರಿದರು. ನಡುಕ ನಿಲ್ಲಲಿಲ್ಲ. ಪಂಪು ಕೀರಲು ದನಿ ಮಾಡಿತು, ರೋಟವೇಟರ್ ಏಳುವುದು ನಿಧಾನವಾಯಿತು, ಇಂಜಿನ್ ನಿಲ್ಲಿಸಿದರೆ ಎತ್ತಿದ್ದು ತಾನಾಗಿ ಇಳಿಯಿತು. ಇಲ್ಲಿ ಎರಡು ರೋಗಗಳಿವೆ ನೋಡಿ. ನಿಧಾನ ಏಳುವುದು ಹೆಚ್ಚಾಗಿ ಪಂಪಿನ ದೂರು ಅಥವಾ ಕಟ್ಟಿಕೊಂಡ ಜಾಲರಿಯ ದೂರು. ತಾನಾಗಿ ಇಳಿಯುವುದು ವಾಲ್ವಿನದೋ ಸಿಲಿಂಡರ್ ಸೀಲಿನದೋ ದೂರು. ಕೊನೆಗೆ ಪಂಪು ಬದಲಿಸಿದರು. ಹಳೇ ಆಯಿಲನ್ನೇ ಸೋಸಿ ಮತ್ತೆ ಹಾಕಿದರು! ಹೊಸ ಪಂಪೂ ಅದೇ ಹಂಗಾಮಿನಲ್ಲಿ ಕೂಗಿತು.

ಎರಡನೇ ಸಲ ಮಾಡಿದ ಕೆಲಸ ಸರಿಯಾದದ್ದು. ರಾತ್ರಿಯಿಡೀ ಗಾಡಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಡ್ರೈನ್ ಬೋಲ್ಟನ್ನು ಮೆಲ್ಲಗೆ ಸಡಿಲಿಸಿದರು. ಮೊದಲು ಬಂದದ್ದು ಬರೀ ನೀರು, ಹಿಂದೆ ಹಾಲಿನ ಬಣ್ಣದ ಆಯಿಲ್. ಹೀಗೆ ಬೆರೆತದ್ದು ರಾತ್ರಿ ನಿಲ್ಲಿಸಿದ ಮಾತ್ರಕ್ಕೆ ತಿಳಿಯಾಗುವುದಿಲ್ಲ, ಎಲ್ಲವನ್ನೂ ತೆಗೆಯಬೇಕು. ಜಾಲರಿಯಲ್ಲಿ ಬೂದು ಬಣ್ಣದ ಲೋಳೆ ಕೂತಿತ್ತು. ಬಿಚ್ಚಿದ ಪಂಪಿನ ಒಳಗೋಡೆಯಲ್ಲಿ, ಆಯಿಲ್ ಎಳೆಯುವ ಬದಿಗೆ, ಉಗುರು ಸಿಕ್ಕುವಷ್ಟು ಗೀರು ಬಿದ್ದಿತ್ತು. ಒತ್ತಡ ಗೇರನ್ನು ಆ ಬದಿಗೇ ನೂಕುವುದರಿಂದ ಸವೆತ ಅಲ್ಲೇ ಮೊದಲು ಕಾಣುತ್ತದೆ. ನೀರಿನ ದಾರಿಯನ್ನೂ ಹುಡುಕಿದರು: ಪಿ.ಟಿ.ಒ. ಶಾಫ್ಟಿಗೆ ಹುಲ್ಲು ಸುತ್ತಿಕೊಂಡು ಸೀಲಿನ ತುಟಿ ಹರಿದಿತ್ತು. ಸೀಲು ಬದಲಿಸಿ, ವಾಲ್ವು ಬಿಚ್ಚಿ ತೊಳೆದು, ಹೊಸ ಆಯಿಲ್ ಹಾಕಿ ಸ್ವಲ್ಪ ಹೊತ್ತು ಓಡಿಸಿ, ಅದನ್ನೂ ಬಿಸಿಯಿದ್ದಾಗಲೇ ಇಳಿಸಿ, ಫಿಲ್ಟರ್ ಬದಲಿಸಿ ಮತ್ತೆ ಹೊಸದು ತುಂಬಿದರು. ಎರಡು ಸಲದ ಆಯಿಲ್ ದುಬಾರಿ ಅಂತ ನಿಮಗೆ ಅನ್ನಿಸಬಹುದು. ಮೊದಲೇ ಒಂದು ಸೀಲು ಬದಲಿಸಿದ್ದರೆ ಮುಗಿಯುತ್ತಿತ್ತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು. ಕೆಸರು ಹೊಡೆದ ದಿನ ಸಂಜೆ ಶಾಫ್ಟಿಗೆ ಸುತ್ತಿದ ಹುಲ್ಲು, ದಾರ ಬಿಡಿಸಿ ಆಮೇಲೆ ಊಟಕ್ಕೆ ಕೂರಿ.

ಅನುಮಾನ ಬಂದರೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ದಪ್ಪ ಕಬ್ಬಿಣದ ತಗಡನ್ನು, ನೀರಿನ ಹನಿ ಬಿದ್ದರೆ ಚಟಪಟ ಅನ್ನುವಷ್ಟು ಕಾಯಿಸಿ, ಬೆಂಕಿಯಿಂದ ದೂರ ತಂದು ಒಂದೆರಡು ಹನಿ ಆಯಿಲ್ ಬಿಡಿ. ಸಿಡಿದರೆ ನೀರಿದೆ. ಕಣ್ಣಿಗೆ ಕನ್ನಡಕ ಇರಲಿ, ಅಡುಗೆಯ ತವೆ ಮುಟ್ಟಬೇಡಿ. ಸಿಡಿಯದಿದ್ದರೆ ನೀರೇ ಇಲ್ಲ ಎಂದಲ್ಲ. ಸ್ವಲ್ಪವೇ ಇದ್ದರೆ ಈ ಪರೀಕ್ಷೆಗೆ ಸಿಗುವುದಿಲ್ಲ.

ಹೊಸ ಆಯಿಲ್ ಶುದ್ಧ ಎಂಬ ನಂಬಿಕೆಯನ್ನೂ ಬಿಡಿ. ಬಿಸಿಲಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರೆಲ್ಲಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಉಬ್ಬಿದ ಗಾಳಿ ರಾತ್ರಿ ಕುಗ್ಗುವಾಗ ಆ ನೀರು ಬಿರಡೆಯ ಎಳೆಗಳ ಮೂಲಕ ಒಳಗಿಳಿಯುತ್ತದೆ. ನೆರಳಿನಲ್ಲಿಡಿ, ಆಗದಿದ್ದರೆ ಎರಡೂ ಬಿರಡೆ ಒಂದೇ ಅಡ್ಡ ಮಟ್ಟದಲ್ಲಿ ಬರುವಂತೆ ಮಲಗಿಸಿಡಿ. ತುಂಬುವ ಮುಂಚೆ ಮುಚ್ಚಳದ ಸುತ್ತ ಒರೆಸಿ, ಆಮೇಲೆ ತೆರೆಯಿರಿ. ನೂಲು ಬಿಡುವ ವೇಸ್ಟ್ ಬಟ್ಟೆ ಬೇಡ, ಗೊಬ್ಬರ ಕಲಸಿದ ಬಕೆಟ್ಟಂತೂ ಖಂಡಿತ ಬೇಡ. ಸೀರೆ ಬಟ್ಟೆಯಲ್ಲಿ ಸೋಸಿದರೆ ಕಸ ಹೋದೀತು, ಪಂಪು ತಿನ್ನುವ ಕಣ ಹೋಗದು. ಟಿಪ್ಪಿಂಗ್ ಟ್ರೇಲರಿಗೆ, ಪಲ್ಟಿ ನೇಗಿಲಿಗೆ ಪೈಪು ಜೋಡಿಸುವಾಗ ಎರಡು ತುದಿಯನ್ನೂ ಒರೆಸಿ. ಬಿಚ್ಚಿದ ಮೇಲೆ ಮಣ್ಣಿಗೆ ಬಿಡದೆ ಮುಚ್ಚಳ ಹಾಕಿ. ಬೇರೆಯವರ ಟ್ರೇಲರ್ ಕಟ್ಟಿದಿರೆಂದರೆ ಅದರ ಸಿಲಿಂಡರಿನಲ್ಲಿದ್ದ ಆಯಿಲೂ ನಿಮ್ಮ ಗಾಡಿಯೊಳಗೆ ಬಂತು ಎಂದೇ ಲೆಕ್ಕ.

ಹಿಟಾಚಿ ಓಡಿಸುವವರಿಗೂ ಇದೇ ಮಾತು, ಸ್ವಲ್ಪ ಜೋರಾಗಿ. 20 ಟನ್ ಯಂತ್ರದಲ್ಲಿ ಒತ್ತಡ 300 ಬಾರ್ ದಾಟುವುದರಿಂದ ಕೊಳೆಯನ್ನು ಅದು ಇನ್ನೂ ಕಡಿಮೆ ಸಹಿಸುತ್ತದೆ. ಸಿಲಿಂಡರ್ ರಾಡಿನ ಮೇಲೆ ಗೀರು ಬಿದ್ದರೆ ಧೂಳು ತಡೆಯುವ ಸೀಲು ಹರಿಯುತ್ತದೆ. ಆಮೇಲೆ ರಾಡು ಒಳಗೆ ಹೋದಾಗಲೆಲ್ಲ ಮಣ್ಣು ಒಯ್ಯುತ್ತದೆ. ಸೈಟಿನಲ್ಲಿ ಪೈಪು ಒಡೆದರೆ ಬಕೆಟ್ ನೆಲಕ್ಕಿಳಿಸಿ, ಇಂಜಿನ್ ನಿಲ್ಲಿಸಿ, ಲಿವರ್ ಆಡಿಸಿ ಒತ್ತಡ ಇಳಿಸಿ, ಜೋಡಣೆಯ ಸುತ್ತ ತೊಳೆದು, ನಂತರವೇ ಬಿಚ್ಚಿ. ತೆರೆದ ಬಾಯಿಗೆ ಆ ಕ್ಷಣವೇ ಮುಚ್ಚಳ ಬೀಳಬೇಕು. ಫಿಲ್ಟರ್ ಕಟ್ಟಿಕೊಂಡರೆ ಅದರ ಬೈಪಾಸ್ ತೆರೆದು ಸೋಸದ ಆಯಿಲೇ ತಿರುಗುತ್ತದೆ, ಯಂತ್ರ ಏನೂ ಆಗಿಲ್ಲವೆಂಬಂತೆ ದುಡಿಯುತ್ತಲೂ ಇರುತ್ತದೆ. ಅದಕ್ಕೇ ಗಂಟೆ ಲೆಕ್ಕ ಮೀರಬೇಡಿ. ಬಂಡೆ ಒಡೆಯುವ ಬ್ರೇಕರ್ ಕಟ್ಟಿದ್ದರೆ ಕೈಪಿಡಿಯಲ್ಲಿ ಬೇರೆಯೇ, ಕಡಿಮೆ ಗಂಟೆಯ ಲೆಕ್ಕವಿರುತ್ತದೆ, ಓದಿ, ಪಾಲಿಸಿ.

ಬದಲಿಸಿದ ಫಿಲ್ಟರನ್ನು ಎಸೆಯುವ ಮುಂಚೆ ಕೊಯ್ದು ಕಾಗದದ ಮಡಿಕೆ ಬಿಡಿಸಿ ನೋಡಿ. ಅಯಸ್ಕಾಂತಕ್ಕೆ ಅಂಟುವ ಪುಡಿ ಉಕ್ಕಿನದು, ಅಂಟದೆ ಹಳದಿ ಹೊಳೆಯುವುದು ಹಿತ್ತಾಳೆ ಅಥವಾ ಕಂಚಿನ ಭಾಗದ್ದು, ಕಪ್ಪು ಚೂರು ಸೀಲಿನದು. ಕಂಡದ್ದನ್ನು ಬಿಳಿ ಕಾಗದದಲ್ಲಿ ಕಟ್ಟಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗಿ. ಯಾವ ಭಾಗ ಮೊದಲು ಬಿಚ್ಚಬೇಕೆಂದು ಅವರಿಗೆ ಅದನ್ನು ನೋಡಿದರೇ ಅಂದಾಜು ಸಿಗುತ್ತದೆ.