ಚಿತ್ರಕಲಾ ಸ್ಪರ್ಧೆಯ ವಂದನಾರ್ಪಣೆ: ಪೋಷಕರಿಗೆ ಹಂತ ಹಂತವಾಗಿ

‘ಬಹುಮಾನ ವಿತರಣೆಯ ದಿನ ಪೋಷಕರ ಪರವಾಗಿ ವಂದನಾರ್ಪಣೆ ನೀವೇ ಮಾಡಿ’ ಎಂದು ಶಾಲೆಯವರು ಹೇಳಿದ್ದಾರೆ. ನಿಮಗೆ ಮೈಕ್ ಹಿಡಿದು ಅಭ್ಯಾಸವಿಲ್ಲ. ಭಯಪಡಬೇಡಿ. ಯಾರು ಏನು ಮಾಡಿದರು ಎಂದು ಹೇಳಿ ಕೈಮುಗಿದರೆ ಆಯಿತು, ಮೂರು ನಿಮಿಷ ಸಾಕು. ಉದಾಹರಣೆಗೆ, ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯ ಒಂದು ಶಾಲೆಯಲ್ಲಿ ‘ನಮ್ಮೂರ ಮಳೆ’ ಎಂಬ ವಿಷಯಕ್ಕೆ ಮಕ್ಕಳು ಚಿತ್ರ ಬರೆದಿದ್ದಾರೆ ಎಂದಿಟ್ಟುಕೊಳ್ಳೋಣ.

1. ಹಿಂದಿನ ದಿನವೇ ಹೆಸರುಗಳನ್ನು ಬರೆದುಕೊಳ್ಳಿ.
ಮುಖ್ಯ ಶಿಕ್ಷಕರ ಬಳಿ ಆಮಂತ್ರಣ ಪತ್ರಿಕೆ ಕೇಳಿ ಪಡೆಯಿರಿ. ಅಧ್ಯಕ್ಷರು, ಮುಖ್ಯ ಅತಿಥಿ, ತೀರ್ಪುಗಾರರು, ಶಿಕ್ಷಕರು, ಎಸ್‌ಡಿಎಂಸಿಯವರು, ಎಲ್ಲರ ಹೆಸರನ್ನೂ ಹುದ್ದೆಯನ್ನೂ ಬರೆಯಿರಿ. ಎಚ್ಚರಿಕೆ: ಆಮಂತ್ರಣದಲ್ಲಿ ಹೆಸರಿದ್ದವರೆಲ್ಲ ಬರುವುದಿಲ್ಲ, ಇಲ್ಲದವರೂ ವೇದಿಕೆಯಲ್ಲಿರುತ್ತಾರೆ. ಕಾರ್ಯಕ್ರಮ ಶುರುವಾದ ಮೇಲೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ ತಿದ್ದಿಕೊಳ್ಳಿ.

2. ಪ್ರತಿ ಹೆಸರಿನ ಮುಂದೆ ಅವರು ಮಾಡಿದ ಒಂದು ಕೆಲಸ ಬರೆಯಿರಿ.
‘ಸಹಕರಿಸಿದರು’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕೇಳಿ ತಿಳಿದುಕೊಳ್ಳಿ: ಡ್ರಾಯಿಂಗ್ ಶೀಟ್ ತಂದವರು ಯಾರು, ಬಣ್ಣ ಇಲ್ಲದ ಮಕ್ಕಳಿಗೆ ಕ್ರೇಯಾನ್ ಕೊಟ್ಟವರು ಯಾರು, ಬೆಂಚು ಎತ್ತಿಟ್ಟವರು ಯಾರು? ಬಿಸಿಯೂಟದ ಅಕ್ಕಂದಿರನ್ನು ಮರೆಯುವುದು ಹೊಸಬರ ಸಾಮಾನ್ಯ ತಪ್ಪು.

3. ಗೋಡೆಗೆ ಅಂಟಿಸಿದ ಚಿತ್ರಗಳನ್ನು ಸಾವಕಾಶವಾಗಿ ನೋಡಿ.
ಸಭೆಗೆ ಅರ್ಧ ಗಂಟೆ ಮುಂಚೆ ಹೋಗಿ. ಎರಡು ಮೂರು ಚಿತ್ರಗಳಲ್ಲಿ ಕಂಡದ್ದನ್ನು ಚೀಟಿಯಲ್ಲಿ ಗುರುತು ಮಾಡಿ: ಒಬ್ಬರು ಮಾಣಿ ಡ್ಯಾಮಿನ ನೀರಿಗೆ ಹಸಿರು ಹಚ್ಚಿರಬಹುದು, ಇನ್ನೊಬ್ಬರು ಕಂಬಳಿಕೊಪ್ಪೆ ಹೊದ್ದು ನಾಟಿ ಮಾಡುವವರನ್ನು ಬರೆದಿರಬಹುದು. ಬಹುಮಾನ ಬಾರದ ಚಿತ್ರ ಒಂದಾದರೂ ಇರಲಿ.

4. ಸಾಲು ಗೊತ್ತು ಮಾಡಿ.
ಅಧ್ಯಕ್ಷರು ಮತ್ತು ಅತಿಥಿಗಳು ಮೊದಲು, ನಂತರ ತೀರ್ಪುಗಾರರು, ಶಿಕ್ಷಕರು, ನೆರವಾದವರು, ಕೊನೆಗೆ ಮಕ್ಕಳು. ಅತಿಥಿಗಳು ಬೇಗ ಹೊರಡುವವರಾದರೆ ನಿರೂಪಕರಿಗೆ ಮೊದಲೇ ತಿಳಿಸಿ.

5. ತೀರ್ಪುಗಾರರಿಗೆ ಒಂದು ವಾಕ್ಯ ಬರೆಯಿರಿ.
ಹೀಗೆ: ‘ಒಂದೊಂದು ಹಾಳೆಯ ಮುಂದೂ ನಿಂತು, ಬಣ್ಣ ಅಂಚು ದಾಟಿದ್ದನ್ನಷ್ಟೇ ನೋಡದೆ, ಮಗು ಸ್ವಂತವಾಗಿ ಏನು ಯೋಚಿಸಿದೆ ಎಂದೂ ನೋಡಿದ ತೀರ್ಪುಗಾರರಿಗೆ ನಮಸ್ಕಾರ.’ ಅವರು ನಿಜವಾಗಿ ಏನು ನೋಡಿದರು ಎಂದು ಅವರನ್ನೇ ಕೇಳಿ ಬರೆಯಿರಿ. ಎಚ್ಚರಿಕೆ: ಫಲಿತಾಂಶ ಸರಿಯೋ ತಪ್ಪೋ ಎಂಬ ಮಾತು ಬೇಡ. ಬೇಸರಗೊಂಡ ಪೋಷಕರು ಎದುರಿಗೇ ಕೂತಿರುತ್ತಾರೆ.

6. ಶಿಕ್ಷಕರಿಗೆ ಕಣ್ಣಿಗೆ ಕಾಣುವ ಕೆಲಸವನ್ನೇ ಹೇಳಿ.
ನಮ್ಮ ಕಡೆಯ ಮಳೆಗಾಲದಲ್ಲಿ ವಾಟರ್ ಕಲರ್ ಬೇಗ ಒಣಗುವುದಿಲ್ಲ. ಹಾಳೆಯ ಮೇಲೆ ಹಾಳೆ ಇಟ್ಟರೆ ಬಣ್ಣ ಅಂಟಿ ಎರಡು ಚಿತ್ರವೂ ಕೆಡುತ್ತದೆ. ಹಾಗಾಗದಂತೆ ಯಾರಾದರೂ ಕಾಪಾಡಿದ್ದರೆ ಹೇಳಿ: ‘ಹಸಿ ಚಿತ್ರಗಳನ್ನು ಸ್ಟಾಫ್ ರೂಮಿನ ಫ್ಯಾನ್ ಕೆಳಗೆ ಒಂದೊಂದಾಗಿ ಹರಡಿ, ಸಂಜೆವರೆಗೆ ಕಾದ ನಮ್ಮ ಮೇಡಂ ಅವರಿಗೆ ಧನ್ಯವಾದ.’ ಇದನ್ನು ಕೇಳಿದ ಪೋಷಕರಿಗೆ ಶಿಕ್ಷಕರ ಶ್ರಮ ತಾನಾಗಿ ಗೊತ್ತಾಗುತ್ತದೆ.

7. ಮಕ್ಕಳ ಕಡೆ ತಿರುಗಿ ಮಾತಾಡಿ.
ಹಾಳೆಯಿಂದ ತಲೆ ಎತ್ತಿ ಹೇಳಿ: ‘ಮಕ್ಕಳೇ, ಹಸಿರು ನೀರು, ಕಂಬಳಿಕೊಪ್ಪೆ, ಎಲ್ಲ ನೋಡಿದೆ. ನಮ್ಮೂರ ಮಳೆಯನ್ನು ನೀವು ನಮಗೆ ತೋರಿಸಿದ್ದೀರಿ. ಭಾಗವಹಿಸಿದ ಎಲ್ಲರಿಗೂ ಧನ್ಯವಾದ.’ ಇಲ್ಲಿ ನಿಮ್ಮ ಮಗುವಿನ ಹೆಸರು ಹೇಳಬೇಡಿ, ಗೆದ್ದವರ ಹೆಸರನ್ನೂ ಮತ್ತೆ ಓದಬೇಡಿ. ಬಹುಮಾನ ಕೊಡುವಾಗ ಆ ಹೆಸರು ಎಲ್ಲರೂ ಕೇಳಿದ್ದಾರೆ.

8. ಒಮ್ಮೆ ಗಟ್ಟಿಯಾಗಿ ಓದಿ, ಗಡಿಯಾರ ನೋಡಿ.
ಮೂರು ನಿಮಿಷ ದಾಟಿದರೆ ವಿಶೇಷಣ ತೆಗೆಯಿರಿ, ಹೆಸರು ತೆಗೆಯಬೇಡಿ. ಉಚ್ಚಾರ ಗೊತ್ತಿಲ್ಲದ ಹೆಸರನ್ನು ಅವರ ಬಾಯಲ್ಲೇ ಕೇಳಿಕೊಳ್ಳಿ.

9. ಮೈಕ್ ಇಲ್ಲದೆಯೂ ಓದಲು ಸಿದ್ಧರಾಗಿರಿ.
ಕರೆಂಟು ಹೋಗಬಹುದು, ತಗಡಿನ ಮೇಲೆ ಮಳೆ ಹೊಡೆಯಬಹುದು. ಆಗ ಎರಡು ಹೆಜ್ಜೆ ಮುಂದೆ ಬಂದು, ನಿಧಾನವಾಗಿ, ಕೊನೆಯ ಸಾಲಿಗೆ ಕೇಳುವಂತೆ ಹೇಳಿ. ಮಳೆ ಜೋರಾದರೆ ಹೆಸರುಗಳನ್ನೂ ಮಕ್ಕಳ ಮಾತನ್ನೂ ಉಳಿಸಿಕೊಂಡು ಉಳಿದದ್ದನ್ನು ಬಿಡಿ.

10. ಒಂದೇ ವಾಕ್ಯದಲ್ಲಿ ಮುಗಿಸಿ.
‘ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಅವರಿಗೂ ನನ್ನ ವಂದನೆಗಳು’ ಎಂದು ಹೇಳಿ ಕೈಮುಗಿಯಿರಿ. ನಂತರ ರಾಷ್ಟ್ರಗೀತೆಯಿದ್ದರೆ ಅಲ್ಲೇ ನಿಲ್ಲಿ. ‘ಕೊನೆಯದಾಗಿ’ ಎಂದ ಮೇಲೆ ಇನ್ನೊಂದು ಮಾತು ಸೇರಿಸಬೇಡಿ.

ಕಾರ್ಯಕ್ರಮ ಮುಗಿದ ಮೇಲೆ ಪಟ್ಟಿ ಬಿಸಾಡಬೇಡಿ. ಬಿಟ್ಟುಹೋದ ಹೆಸರು ನೆನಪಾದರೆ ಅವರನ್ನು ಹುಡುಕಿ ಎದುರಿಗೇ ಧನ್ಯವಾದ ಹೇಳಿ, ಮುಂದಿನ ವರ್ಷ ವಂದನಾರ್ಪಣೆ ಮಾಡುವ ಪೋಷಕರಿಗೆ ಆ ಹಾಳೆಯನ್ನು ಕೊಡಿ.