ನಡುಗಿದರೂ ಕಾಲು ತೆಗೆಯಬೇಡ

ತಮ್ಮಾ, ನಿನ್ನೆ ನೀನು ಹೇಳಿದ್ದನ್ನು ಕೇಳಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಅರಬೈಲ್ ಘಟ್ಟ ಇಳಿದು ಸುಂಕಸಾಳದತ್ತ ಬರುವಾಗ ಮಳೆಯಲ್ಲಿ ಎಮ್ಮೆ ಅಡ್ಡ ಬಂತು, ಬಲವಾಗಿ ಬ್ರೇಕ್ ಒತ್ತಿದೆ, ಪೆಡಲ್ ಗಡಗಡ ನಡುಗಿತು, ಬ್ರೇಕ್ ಹೋಯಿತೆಂದು ಹೆದರಿ ಕಾಲು ತೆಗೆದುಬಿಟ್ಟೆ. ಎಮ್ಮೆ ತಾನಾಗಿ ದಾಟಿತು, ಬಚಾವಾದೆ. ಆದರೆ ಆ ಹೊತ್ತಿನಲ್ಲಿ ಬ್ರೇಕ್ ಹೋಗಿರಲಿಲ್ಲ, ಎಂದಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅದನ್ನು ತಡೆದದ್ದು ನೀನು.

ಟೈರು ರಸ್ತೆಗೆ ತಾಗುವ ಜಾಗ ಒಂದು ಅಂಗೈಯಷ್ಟು. ಚಕ್ರ ಉರುಳುತ್ತಿರುವಾಗ ಆ ಅಂಗೈ ರಸ್ತೆಯನ್ನು ಹಿಡಿದಿರುತ್ತದೆ. ಬ್ರೇಕಿನಲ್ಲಿ ಚಕ್ರ ಗಾಡಿಗಿಂತ ನೂರಕ್ಕೆ ಹತ್ತಿಪ್ಪತ್ತು ಪಾಲು ನಿಧಾನ ತಿರುಗುವಾಗ ಹಿಡಿತ ಅತಿ ಹೆಚ್ಚು. ಇನ್ನೂ ಒತ್ತಿದರೆ ಚಕ್ರ ನಿಂತೇಬಿಡುತ್ತದೆ, ಗಾಡಿ ಮಾತ್ರ ಜಾರುತ್ತ ಹೋಗುತ್ತದೆ. ಒದ್ದೆ ಟಾರಿನಲ್ಲಿ ಜಾರುವ ರಬ್ಬರಿಗೆ ಹಿಡಿತ ಕಡಿಮೆ. ಅದಕ್ಕಿಂತ ಕೆಟ್ಟದ್ದು, ಉಳಿದ ಹಿಡಿತವೆಲ್ಲ ಜಾರುವ ದಿಕ್ಕಿಗೆ ಎದುರಾಗಿ ಖರ್ಚಾಗುತ್ತದೆ. ಪಕ್ಕಕ್ಕೆ ಎಳೆಯಲು ಏನೂ ಉಳಿಯುವುದಿಲ್ಲ. ಆಗ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಗಾಡಿ ನೇರ ಎಮ್ಮೆಯ ಮೇಲೆಯೇ ಹೋಗುತ್ತದೆ.

ಇದನ್ನು ನಾನು ಅದಿರಿನ ಲಾರಿ ಹೊಡೆಯುವಾಗ ಕಂಡಿದ್ದೇನೆ. ಬೇಲೇಕೇರಿಗೆ ಹೋಗುವ ಗಾಡಿಗಳಿಂದ ರಸ್ತೆಗೆ ಬಿದ್ದ ಧೂಳು, ಡೀಸೆಲ್, ಎಣ್ಣೆ ಎಲ್ಲ ಮೊದಲ ಮಳೆಗೆ ಕಲಸಿಕೊಂಡು ಲೋಳೆಯಂತಾಗುತ್ತಿತ್ತು. ಚಕ್ರ ಕಟ್ಟದಿರಲಿ ಎಂದು ನಾವು ಬ್ರೇಕನ್ನು ಬಿಟ್ಟು ಬಿಟ್ಟು ಒತ್ತುತ್ತಿದ್ದೆವು. ಕಾಲು ಎಷ್ಟು ಚುರುಕಿದ್ದರೂ ಸೆಕೆಂಡಿಗೆ ಎರಡು ಮೂರು ಸಲ, ಅದೂ ಎಲ್ಲ ಚಕ್ರಕ್ಕೂ ಒಟ್ಟಿಗೇ.

ನಿನ್ನ ಕಾರಿನಲ್ಲಿ ಆ ಕೆಲಸವನ್ನು ಎಬಿಎಸ್ ಮಾಡುತ್ತದೆ. ಪ್ರತಿ ಚಕ್ರದ ಬಳಿಯೂ ಒಂದು ಸೆನ್ಸರ್ ಇದೆ, ಅದು ಚಕ್ರದ ವೇಗವನ್ನು ಎಣಿಸುತ್ತಿರುತ್ತದೆ. ಗಾಡಿಯೊಂದು ನಿಜಕ್ಕೂ ನಿಧಾನವಾಗಬಲ್ಲದ್ದಕ್ಕಿಂತ ಬೇಗ ಯಾವುದಾದರೂ ಚಕ್ರ ನಿಧಾನವಾದರೆ, ಅದು ಇನ್ನೇನು ಕಟ್ಟಲಿದೆ ಎಂದರ್ಥ. ತಕ್ಷಣ ಆ ಚಕ್ರಕ್ಕೆ ಹೋಗುವ ಬ್ರೇಕ್ ಎಣ್ಣೆಯ ದಾರಿಯಲ್ಲಿ ಒಂದು ವಾಲ್ವ್ ಮುಚ್ಚುತ್ತದೆ. ನೀನು ಎಷ್ಟು ಒತ್ತಿದರೂ ಅಲ್ಲಿಗೆ ಒತ್ತಡ ಹೆಚ್ಚುವುದಿಲ್ಲ. ಅಷ್ಟಕ್ಕೂ ಚಕ್ರ ಚೇತರಿಸದಿದ್ದರೆ ಇನ್ನೊಂದು ವಾಲ್ವ್ ತೆರೆದು ಸ್ವಲ್ಪ ಎಣ್ಣೆಯನ್ನು ಹೊರಬಿಡುತ್ತದೆ. ಚಕ್ರ ಮತ್ತೆ ಉರುಳಿ ಹಿಡಿತ ಪಡೆಯುತ್ತದೆ. ಮರುಕ್ಷಣ ಒತ್ತಡ ಮತ್ತೆ ಏರುತ್ತದೆ. ಸೆಕೆಂಡಿಗೆ ಸುಮಾರು ಹತ್ತು ಸಲ ಹೀಗೆ ನಡೆಯುತ್ತದೆ. ಹೊರಬಿಟ್ಟ ಎಣ್ಣೆಯನ್ನು ಒಂದು ಸಣ್ಣ ಪಂಪು ನಿನ್ನ ಪೆಡಲಿನ ಕಡೆಗೆ ಹಿಂದಕ್ಕೆ ತಳ್ಳುತ್ತದೆ. ಆ ಗುರ್ ಎನ್ನುವ ಸದ್ದು, ಅಂಗಾಲಿಗೆ ಬಡಿದ ನಡುಕ, ಎರಡೂ ಅದರದ್ದೇ.

ಎಡ ಚಕ್ರಗಳು ಅಂಚಿನ ಕೆಂಪು ಕೆಸರಿನಲ್ಲಿ, ಬಲದವು ಟಾರಿನ ಮೇಲೆ ಇದ್ದಾಗ ಇದರ ಬೆಲೆ ತಿಳಿಯುತ್ತದೆ. ಎಡಕ್ಕೆ ಹಿಡಿತವಿಲ್ಲ, ಬಲಕ್ಕಿದೆ. ಹಳೆಯ ಗಾಡಿಯಾದರೆ ಬಲಕ್ಕೆ ತಿರುಗಿಬಿಡುತ್ತಿತ್ತು, ಎದುರಿನ ಲಾರಿಗೆ ಮುಖ ಕೊಟ್ಟು. ಎಬಿಎಸ್ ಕೆಸರಿನ ಚಕ್ರಕ್ಕೆ ಕಡಿಮೆ, ಟಾರಿನ ಚಕ್ರಕ್ಕೆ ಹೆಚ್ಚು ಒತ್ತಡ ಕೊಡುತ್ತದೆ. ಗಾಡಿ ಆಗಲೂ ಬಲಕ್ಕೆ ಎಳೆಯುತ್ತದೆ, ಆದರೆ ಸ್ಟೇರಿಂಗಿನಿಂದ ಸರಿಪಡಿಸಬಹುದು.

ಆದ್ದರಿಂದ ಪೆಡಲ್ ನಡುಗಿದಾಗ ಇನ್ನೂ ಗಟ್ಟಿಯಾಗಿ ಒತ್ತು, ನಿಲ್ಲುವವರೆಗೂ ಬಿಡಬೇಡ. ನಾವು ಮಾಡುತ್ತಿದ್ದಂತೆ ಬಿಟ್ಟು ಬಿಟ್ಟು ಒತ್ತುವುದು ನಿನ್ನ ಗಾಡಿಗೆ ಸಲ್ಲದು. ಕಣ್ಣು ಎಮ್ಮೆಯ ಮೇಲಲ್ಲ, ತಪ್ಪಿಸಿಕೊಳ್ಳುವ ಜಾಗದ ಮೇಲಿರಲಿ. ಸ್ಟೇರಿಂಗ್ ಈಗ ನಿನ್ನ ಮಾತು ಕೇಳುತ್ತದೆ.

ಆದರೆ ಎಬಿಎಸ್ ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಒದ್ದೆ ಟಾರಿನ ಹಿಡಿತ ಒಣ ಟಾರಿನದಕ್ಕಿಂತ ಕಡಿಮೆ, ಅದರ ಘರ್ಷಣೆಯ ಗುಣಾಂಕವನ್ನು ಒಂದು ಅಂದಾಜಿಗೆ 0.5 ಎಂದು ಹಿಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಸುಮಾರು 28 ಮೀಟರ್ ಬೇಕು. 80ರಲ್ಲಿ ಸುಮಾರು 50. ಎಮ್ಮೆ ಕಂಡು ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲಿ 60ರ ವೇಗಕ್ಕೆ ಇನ್ನೂ 17 ಮೀಟರ್ ಸೇರಿಸು. ಟೈರಿನ ಗೆರೆ ಸವೆದಿದ್ದರೆ ಈ ಲೆಕ್ಕವೂ ಉಳಿಯುವುದಿಲ್ಲ, ನೀರಿನ ಮೇಲೆ ತೇಲುವ ರಬ್ಬರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಸಡಿಲ ಜಲ್ಲಿಯ ಮೇಲಂತೂ ಎಬಿಎಸ್ ಇದ್ದರೆ ಇನ್ನೂ ದೂರ ಹೋಗಬಹುದು, ಏಕೆಂದರೆ ಅಲ್ಲಿ ನಿಂತ ಚಕ್ರ ಜಲ್ಲಿಯನ್ನು ಮುಂದೆ ಗುಪ್ಪೆ ಹಾಕಿ ತಾನೇ ತಡೆಯಾಗುತ್ತದೆ.

ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ABS ಎಂದು ಹಳದಿ ದೀಪ ಹತ್ತಿ ಆರಬೇಕು. ಓಡುವಾಗಲೂ ಹತ್ತಿಯೇ ಇದ್ದರೆ ಬ್ರೇಕ್ ಇದೆ, ಆದರೆ ಎಬಿಎಸ್ ಇಲ್ಲ. ಸೆನ್ಸರಿಗೆ ಕೆಸರು ಮೆತ್ತಿರಬಹುದು, ತಂತಿ ಕಡಿದಿರಬಹುದು. ಗ್ಯಾರೇಜಿಗೆ ತೋರಿಸುವವರೆಗೆ ನಮ್ಮ ಹಳೆಯ ಲಾರಿಯನ್ನು ಓಡಿಸಿದಂತೆ ಓಡಿಸು.

ನಾಳೆ ಮಳೆ ಬಂದರೆ ಬೆಳಿಗ್ಗೆ ಬೇಗ ಬಾ. ಯಾರೂ ಇಲ್ಲದ ನೇರ ದಾರಿ ನೋಡಿ, ಬೆಲ್ಟ್ ಹಾಕಿಕೊಂಡು, ಹಿಂದೆ ಗಾಡಿಯಿಲ್ಲ ಎಂದು ಖಾತ್ರಿ ಮಾಡಿಕೊಂಡು, 30ರಲ್ಲಿ ಪೂರ್ತಿ ತುಳಿ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಆ ನಡುಕ ನಿನ್ನ ಕಾಲಿಗೆ ಗುರುತಾಗುವವರೆಗೆ ನಾಲ್ಕೈದು ಸಲ ಮಾಡೋಣ.