ಚಂದ್ರ ಕಾಣೋ ಮೊದಲೇ ಮುಬಾರಕ್ ಅನ್ನಬೇಡಿ

ಹಿಂದೂಪುರ, ಕಲ್ಯಾಣದುರ್ಗದ ಕಡೆ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಮಾತು ಕೇಳಿಸುತ್ತವೆ. ರಂಜಾನ್ ತಿಂಗಳು ಬಂದರೆ ಇವುಗಳ ಜೊತೆಗೆ ನಾಲ್ಕಾರು ಅರಬ್ಬಿ ಮಾತೂ ಸೇರಿಕೊಳ್ಳುತ್ತೆ. ಎಲ್ಲರಿಗೂ ಹಾರೈಸೋ ಮನಸ್ಸಿದೆ, ಯಾವಾಗ ಏನು ಅನ್ನಬೇಕು ಅನ್ನೋದು ಮಾತ್ರ ವರ್ಷ ವರ್ಷ ಮರೆತುಹೋಗುತ್ತೆ. ಅದಕ್ಕೇ ಬರೆದಿಟ್ಟಿದ್ದೇನೆ, ಒಂದು ಸಲ ಓದಿಕೊಳ್ಳಿ.

• ಮೊದಲು ಹಬ್ಬ ಯಾವುದು, ತಿಂಗಳು ಯಾವುದು ಅಂತ ಬೇರೆ ಮಾಡಿಕೊಳ್ಳಿ. ನಮ್ಮ ಕಡೆ ಜನ 'ರಂಜಾನ್ ಹಬ್ಬ' ಅನ್ನೋದು ತಿಂಗಳ ಉಪವಾಸ ಮುಗಿದ ಮೇಲೆ ಬರೋ ಈದ್‌ಗೆ. ಹಾಗಾಗಿ ಉಪವಾಸದ ಮೊದಲನೇ ದಿನವೇ 'ಹಬ್ಬದ ಶುಭಾಶಯ' ಅಂದರೆ ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ತಿಂಗಳಿಗೆ 'ರಂಜಾನ್ ಮುಬಾರಕ್' ಅನ್ನಿ, 'ಈದ್ ಮುಬಾರಕ್' ಅನ್ನೋದನ್ನ ಕೊನೆಗೆ ಇಟ್ಟುಕೊಳ್ಳಿ.

• ರಂಜಾನ್‌ಗಿಂತ ಹಿಂದಿನ ಶಾಬಾನ್ ತಿಂಗಳಲ್ಲಿ ಮುಬಾರಕ್ ಹೇಳೋಕೆ ಅವಸರ ಮಾಡಬೇಡಿ. ಆಗ ಹಿರಿಯರ ಬಾಯಲ್ಲಿ ಬರೋ ಮಾತು 'ಅಲ್ಲಾಹುಮ್ಮ ಬಲ್ಲಿಗ್‌ನಾ ರಮದಾನ್', ದೇವರೇ, ನಮ್ಮನ್ನ ರಂಜಾನ್‌ವರೆಗೆ ತಲುಪಿಸು ಅಂತ. ಅದು ಬೇಡಿಕೆ, ಶುಭಾಶಯ ಅಲ್ಲ. ಕಾಯಿಲೆ ಬಿದ್ದ ಅಜ್ಜಿ ಇರೋ ಮನೆಯಲ್ಲಿ ಆ ಮಾತು ಕೇಳಿದರೆ ಅದರ ತೂಕ ತಿಳಿಯುತ್ತೆ. ನೀವು ಕನ್ನಡದಲ್ಲೇ 'ಉಪವಾಸ ಹತ್ತಿರ ಬಂತಲ್ಲ ಖಾಲಾ, ಆರೋಗ್ಯ ಚೆನ್ನಾಗಿರಲಿ' ಅನ್ನಿ. ಧಾರಾಳವಾಗಿ ಸಾಕು.

• 'ರಂಜಾನ್ ಬರೋ ಸುದ್ದಿ ಮೊದಲು ತಿಳಿಸಿದವರಿಗೆ ನರಕದ ಬೆಂಕಿ ತಾಕಲ್ಲ' ಅಂತ ಒಂದು ಮೆಸೇಜು ಪ್ರತಿ ವರ್ಷ ಓಡಾಡುತ್ತೆ. ಅದನ್ನ ಮುಂದಕ್ಕೆ ತಳ್ಳಬೇಡಿ. ಪ್ರವಾದಿಯವರ ಹೆಸರಲ್ಲಿ ಕಟ್ಟಿದ ಸುಳ್ಳು ಮಾತು ಅಂತ ಓದಿದ ಮೌಲಾನಾಗಳೇ ಹೇಳುತ್ತಾರೆ. ಮಿನುಗೋ ಮಸೀದಿ ಚಿತ್ರ ಕಳಿಸೋದಿದ್ದರೂ ಮೂಲೆಯಲ್ಲಿ ಯಾವ ವರ್ಷ ಇದೆ ನೋಡಿ ಕಳಿಸಿ. ಮೂರು ವರ್ಷದ ಹಳೇ ಚಿತ್ರ ಬಂದಾಗ ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಎಲ್ಲರೂ ನೋಡಿರುತ್ತಾರೆ.

• ಗಲ್ಫ್‌ನಲ್ಲಿರೋ ಮಗನ ಮೆಸೇಜು ನೋಡಿ ಪಕ್ಕದ ಮನೆಗೆ ಓಡಬೇಡಿ. 2025ರಲ್ಲಿ ಸೌದಿಯಲ್ಲಿ ಫೆಬ್ರವರಿ 28ರ ಸಂಜೆಯೇ ಚಂದ್ರ ಕಂಡಿತು, ಮಾರ್ಚ್ 1ಕ್ಕೆ ಮೊದಲ ಉಪವಾಸ. ದುಬೈಯಲ್ಲೂ ಹಾಗೇ. ನಮ್ಮ ದೇಶದಲ್ಲಿ ಅವತ್ತು ಚಂದ್ರ ಕಾಣಲಿಲ್ಲ, ಶಾಬಾನ್ ಮೂವತ್ತು ದಿನ ತುಂಬಿಸಿ ಮಾರ್ಚ್ 2ಕ್ಕೆ ಶುರು ಮಾಡಿದರು. ಅಂದರೆ 28ರ ರಾತ್ರಿ ದುಬೈಯಿಂದ ಬಂದ 'ರಮದಾನ್ ಕರೀಮ್' ಆ ಹುಡುಗನಿಗೆ ಸರಿ, ಕಲ್ಯಾಣದುರ್ಗದಲ್ಲಿರೋ ಅವನ ಅಮ್ಮನಿಗೆ ಒಂದು ದಿನ ಮುಂಚೆ. ಅವನಿಗೆ ಅವತ್ತೇ ಉತ್ತರ ಕೊಡಿ, ನಿಮ್ಮ ಬೀದಿಯವರಿಗೆ ಮಸೀದಿಯಲ್ಲಿ ಸಾರಿದ ಮೇಲೆ ಹೇಳಿ.

• ಹಾಗಂತ ಮೊದಲ ಉಪವಾಸದ ಬೆಳಗಿನವರೆಗೂ ಕಾಯಬೇಡಿ. ಮುಸ್ಲಿಮರ ಲೆಕ್ಕದಲ್ಲಿ ದಿನ ಶುರುವಾಗೋದು ಸೂರ್ಯ ಮುಳುಗಿದ ಮೇಲೆ. ಚಂದ್ರ ಕಂಡ ಸಂಜೆಯಿಂದಲೇ ತಿಂಗಳು ಹುಟ್ಟಿತು, ಅವತ್ತು ರಾತ್ರಿಯೇ ತರಾವೀಹ್ ನಮಾಜೂ ಇರುತ್ತೆ. ಆ ಸಂಜೆ ದಖನಿ ಮನೆಗಳಲ್ಲಿ 'ಚಾಂದ್ ಮುಬಾರಕ್' ಅಂತಾರೆ. ನೀವೂ ಅನ್ನಿ, ಇಲ್ಲಾ 'ರಂಜಾನ್ ಮುಬಾರಕ್' ಅನ್ನಿ. ಹಿರಿಯರು ಇದ್ದರೆ ಮೊದಲು ಅವರಿಗೆ ಹೇಳಿ, ಆಮೇಲೆ ಮಕ್ಕಳಿಗೆ.

• ಉತ್ತರವನ್ನೂ ಕಲಿತುಕೊಳ್ಳಿ, ಅದನ್ನೇ ಜಾಸ್ತಿ ಜನ ಮರೆಯೋದು. 'ರಂಜಾನ್ ಮುಬಾರಕ್' ಅಂದವರಿಗೆ 'ಖೈರ್ ಮುಬಾರಕ್' ಅನ್ನಿ. ಗಲ್ಫ್ ಕಂಡು ಬಂದವರು 'ರಮದಾನ್ ಕರೀಮ್' ಅಂದರೆ ಉತ್ತರ 'ಅಲ್ಲಾಹು ಅಕ್ರಮ್'. ಕರೀಮ್ ಅಂದರೆ ಉದಾರಿ, ಅಲ್ಲಾಹು ಅದಕ್ಕಿಂತ ಉದಾರಿ ಅಂತ ಈ ಉತ್ತರ. ಉದಾರ ಗುಣ ದೇವರದ್ದು, ತಿಂಗಳಿಗೆ ಯಾಕೆ ಹೇಳಬೇಕು ಅಂತ ಕರೀಮ್ ಅನ್ನೋದನ್ನ ಒಪ್ಪದ ಹಿರಿಯರೂ ಇದ್ದಾರೆ. ಅನುಮಾನ ಇದ್ದ ಕಡೆ ಮುಬಾರಕ್ ಅಂದುಬಿಡಿ, ಅದಕ್ಕೆ ಯಾರದ್ದೂ ತಕರಾರಿಲ್ಲ. 'ಕುಲ್ಲು ಆಮ್ ವ ಅಂತುಂ ಬಿಖೈರ್', ಅಂದರೆ ಪ್ರತಿ ವರ್ಷವೂ ನೀವು ಚೆನ್ನಾಗಿರಿ ಅಂತ ಯಾರಾದರೂ ಅಂದರೆ 'ವ ಅಂತುಂ ಬಿಖೈರ್' ಅಂತ ತಿರುಗಿ ಹೇಳಿ.

• ರಮದಾನ್ ಸರಿಯೋ ರಂಜಾನ್ ಸರಿಯೋ ಅಂತ ವಾದಕ್ಕೆ ಕೂರಬೇಡಿ. ಎದುರಿಗಿರೋರು ಹೇಗಂತಾರೋ ಹಾಗೇ ಅನ್ನಿ.

• ಶುಭಾಶಯವನ್ನ ಮೊದಲ ಎರಡು ಮೂರು ದಿನದಲ್ಲೇ ಮುಗಿಸಿ. ಹದಿನೈದನೇ ಉಪವಾಸಕ್ಕೆ ದಿನಸಿ ಅಂಗಡಿಯವರನ್ನ ಕಂಡು 'ರಂಜಾನ್ ಮುಬಾರಕ್' ಅಂದರೆ ತಪ್ಪೇನಲ್ಲ, ಆದರೆ ಮಾತು ಹಳಸಿರುತ್ತೆ. ಆಗ ಬಿಸಿಲು ಹೇಗಿದೆ, ಸಹರಿಗೆ ಎಷ್ಟು ಹೊತ್ತಿಗೆ ಏಳುತ್ತೀರಿ ಅಂತ ವಿಚಾರಿಸಿ.

• 'ಇವತ್ತು ರೋಜಾ ಇದ್ದೀರಾ?' ಅಂತ ಮಾತ್ರ ಕೇಳಬೇಡಿ, ಹೆಣ್ಣುಮಕ್ಕಳನ್ನಂತೂ ಕೇಳಲೇಬೇಡಿ. ಮುಟ್ಟಿನ ದಿನಗಳಲ್ಲಿ ಅವರಿಗೆ ಉಪವಾಸ ಇಲ್ಲ, ಆಮೇಲೆ ಬೇರೆ ದಿನ ಮಾಡಿ ತೀರಿಸುತ್ತಾರೆ. ಕಾಯಿಲೆಯವರು, ಪ್ರಯಾಣದಲ್ಲಿರೋರು ಕೂಡ ಬಿಡಬಹುದು. ನಾಲ್ಕು ಜನರ ಎದುರು ಈ ಪ್ರಶ್ನೆ ಬಿದ್ದರೆ ಆ ಹುಡುಗಿ ಸುಳ್ಳಾದರೂ ಹೇಳಬೇಕು, ತಲೆಯಾದರೂ ತಗ್ಗಿಸಬೇಕು. ಮುಬಾರಕ್ ಅಂದರೆ ಉಪವಾಸ ಇದ್ದವರಿಗೂ ಸಲ್ಲುತ್ತೆ, ಇಲ್ಲದವರಿಗೂ ಸಲ್ಲುತ್ತೆ.

• 'ಇನ್ನೀ ಸಾಇಮ್' ಅಂತ ಒಂದು ಮಾತಿದೆ, ನಾನು ಉಪವಾಸ ಇದ್ದೇನೆ ಅಂತ. ಅದು ಉಪವಾಸಿಗರದ್ದು. ಯಾರಾದರೂ ಬೈದರೆ, ಜಗಳಕ್ಕೆ ಬಂದರೆ ಹೀಗೆ ಹೇಳಿ ಸುಮ್ಮನಾಗಿ ಅಂತ ಪ್ರವಾದಿಯವರು ಕಲಿಸಿದ್ದು. ಹುಣಸೆಹಣ್ಣಿನ ಚೌಕಾಸಿಯಲ್ಲಿ ದನಿ ಏರಿದಾಗ ವ್ಯಾಪಾರಿ ಈ ಮಾತು ಅಂದರೆ, ನೀವು ಚೌಕಾಸಿ ಅಲ್ಲಿಗೇ ನಿಲ್ಲಿಸಿ. ನಾಳೆ ಬಂದರೂ ಹುಣಸೆಹಣ್ಣು ಅಲ್ಲೇ ಇರುತ್ತೆ.

• ಸಂಜೆ ಮಗ್ರಿಬ್ ಅಜಾನ್ ಹೊತ್ತಿಗೆ ಫೋನ್ ಮಾಡಬೇಡಿ. ಒಂದು ಕೈಯಲ್ಲಿ ಖರ್ಜೂರ ಹಿಡಿದು, ನೀರಿನ ಲೋಟ ಹತ್ತಿರ ಎಳೆದುಕೊಂಡು, ಬಾಯಲ್ಲಿ 'ಅಲ್ಲಾಹುಮ್ಮ ಇನ್ನೀ ಲಕ ಸುಮ್ತು' ಅಂತ ಶುರು ಮಾಡಿರುತ್ತಾರೆ. ನೀರು ಕುಡಿದ ಮೇಲೆ ಇನ್ನೊಂದಿದೆ: 'ಜಹಬಜ್ಜಮಉ ವಬ್ತಲ್ಲತಿಲ್ ಉರೂಖು ವ ಸಬತಲ್ ಅಜ್ರು ಇನ್ಶಾ ಅಲ್ಲಾಹ್'. ದಾಹ ಹೋಯಿತು, ನರಗಳು ತಣಿದವು, ದೇವರಿಚ್ಛೆಯಿದ್ದರೆ ಪುಣ್ಯ ಗಟ್ಟಿಯಾಯಿತು ಅಂತ. ಅರ್ಥ ನೋಡಿದರೇ ಗೊತ್ತಾಗುತ್ತೆ, ಕುಡಿಯೋ ಮೊದಲು ಹೇಳೋ ಮಾತಲ್ಲ. ನೀವು ಇಫ್ತಾರ್‌ಗೆ ಹೋಗಿದ್ದರೆ ಅವರು ಬಾಯಿಗೆ ಹಾಕಿಕೊಳ್ಳೋವರೆಗೆ ಸಮೋಸಾ ಮುಟ್ಟಬೇಡಿ, ಮಾತಿಗೂ ಎಳೆಯಬೇಡಿ.

• ಉಂಡ ಮನೆಗೆ ಒಂದು ಹಾರೈಕೆ ಬಿಟ್ಟು ಬನ್ನಿ. ಮುಸ್ಲಿಂ ಅತಿಥಿಗಳು 'ಅಫ್ತರ ಇಂದಕುಮುಸ್ಸಾಇಮೂನ್' ಅಂತ ಶುರುವಾಗೋ ದುವಾ ಹೇಳುತ್ತಾರೆ, ನಿಮ್ಮ ಮನೆಯಲ್ಲಿ ಉಪವಾಸಿಗರು ಉಪವಾಸ ಬಿಡಲಿ ಅಂತ. ಅಷ್ಟುದ್ದ ನಾಲಿಗೆಗೆ ಬರದಿದ್ದರೆ ಕಷ್ಟಪಡಬೇಡಿ. 'ತಖಬ್ಬಲಲ್ಲಾಹ್', ದೇವರು ಸ್ವೀಕರಿಸಲಿ ಅನ್ನಿ. ಅದೂ ಬರದಿದ್ದರೆ 'ಹೊಟ್ಟೆ ತುಂಬಿತು ಖಾಲಾ, ದೇವರು ಒಳ್ಳೇದು ಮಾಡಲಿ' ಅಂದುಬಿಡಿ. ಅವರು ತಿಂಡಿ ಹಾಕಿ ಕಳಿಸಿದ ಬಟ್ಟಲನ್ನ ತೊಳೆದು ವಾಪಸ್ ಕೊಡಿ, ಬರಿದಾಗಿ ಕೊಡಬೇಡಿ.

• ಕೊನೇ ಹತ್ತು ರಾತ್ರಿ ಮೆಸೇಜು ಕಡಿಮೆ ಮಾಡಿ, ಜನ ನಮಾಜಿನಲ್ಲಿ, ಓದಿನಲ್ಲಿ ಇರುತ್ತಾರೆ. ಇಪ್ಪತ್ತೊಂಬತ್ತನೇ ಉಪವಾಸದ ಸಂಜೆ ಮತ್ತೆ ಎಲ್ಲರ ಕಣ್ಣೂ ಆಕಾಶದ ಕಡೆ. ಚಂದ್ರ ಕಾಣದಿದ್ದರೆ ಮೂವತ್ತನೆಯದೂ ಉಂಟು. ಗೋಡೆಯ ಕ್ಯಾಲೆಂಡರಿನ ಕೆಂಪು ಅಂಕಿ ನಂಬಿ 'ಈದ್ ಮುಬಾರಕ್' ಕಳಿಸಿಬಿಟ್ಟರೆ, ಇನ್ನೊಂದು ದಿನ ಉಪವಾಸ ಇರಬೇಕಾದವರಿಗೆ ಹಬ್ಬ ಹೇಳಿದ ಹಾಗಾಗುತ್ತೆ. ಮೆಸೇಜು ಬರೆದಿಟ್ಟುಕೊಳ್ಳಿ, ಕಳಿಸೋ ಮುಂಚೆ ಪಕ್ಕದ ಮನೆಯವರನ್ನ ಕೇಳಿ.